ಎರಡು ಪರ್ಸೆಂಟ್ ತೆಗೆದುಕೊಳ್ಳುವವರು ಯಾರು?

ಸಣ್ಣ ಹೋಟೆಲುಗಳ ಕೌಂಟರಿನ ಹಿಂದೆ, ದೇವರ ಪಟದ ಕೆಳಗೋ ಕೀಲಿ ನೇತುಹಾಕುವ ಹಲಗೆಯ ಪಕ್ಕದಲ್ಲೋ, ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ ಇರುತ್ತದೆ. ಹೋಟೆಲ್ ಎಂದರೆ ಇಲ್ಲಿ ತಂಗುವ ಜಾಗ. ನಮ್ಮ ಕಡೆ ಹೋಟೆಲ್ ಎಂದ ಕೂಡಲೇ ಇಡ್ಲಿ-ವಡೆ ನೆನಪಾಗುತ್ತದೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಆ ಹಾಳೆಯಲ್ಲಿ ಚೆಕ್-ಔಟ್ ಸಮಯ, ಗುರುತಿನ ಚೀಟಿ, ಹೊರಗಿನವರು ರೂಮಿಗೆ ಬರಬಾರದು ಎಂಬ ಎಚ್ಚರಿಕೆ ಎಲ್ಲ ಮುಗಿದ ಮೇಲೆ ದುಡ್ಡಿನ ವಿಷಯ ಬರುತ್ತದೆ: ‘ಕ್ಯಾಶ್, ಯುಪಿಐ, ಕಾರ್ಡ್ ಅಕ್ಸೆಪ್ಟೆಡ್. ಕಾರ್ಡ್ ಪೇಮೆಂಟ್ಸ್ ವಿಲ್ ಅಟ್ರ್ಯಾಕ್ಟ್ 2% ಚಾರ್ಜಸ್.’

ಇದರ ಕನ್ನಡ ಅನುವಾದಗಳನ್ನು ನಾನು ಸಂಗ್ರಹಿಸುತ್ತೇನೆ. ಕೆಲವರಿಗೆ ಅಂಚೆಚೀಟಿ, ನನಗೆ ಇಂಥ ಹಾಳೆಗಳ ಫೋಟೋ. ‘ಕಾರ್ಡ್ ಪಾವತಿಗಳು 2% ಶುಲ್ಕವನ್ನು ಆಕರ್ಷಿಸುತ್ತವೆ’ ಎಂದು ಬರೆದದ್ದು ನನ್ನ ಹತ್ತಿರ ಎರಡು ಕಡೆಯದು ಇದೆ. ಕಾರ್ಡಿನೊಳಗೆ ಅಯಸ್ಕಾಂತವಿದ್ದು, ಎಲ್ಲೋ ಗಾಳಿಯಲ್ಲಿ ತೇಲುತ್ತಿದ್ದ ಶುಲ್ಕ ಬಂದು ಅಂಟಿಕೊಂಡ ಹಾಗೆ. ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಈ ಪೆದ್ದು ಅನುವಾದ ಮೂಲಕ್ಕೆ ನಿಷ್ಠವಾಗಿದೆ. ಇಂಗ್ಲಿಷಿನ ವಾಕ್ಯದಲ್ಲೂ ಹಣ ತೆಗೆದುಕೊಳ್ಳುವವರು ಯಾರೂ ಇಲ್ಲ. ಕಾರ್ಡ್ ತಾನಾಗಿ ಶುಲ್ಕವನ್ನು ಎಳೆದುಕೊಂಡಿತು, ಅಷ್ಟೆ.

‘ಒಳ್ಳೆಯ’ ಅನುವಾದ ಇನ್ನೂ ಅಪಾಯಕಾರಿ. ‘ಕಾರ್ಡ್ ಮೂಲಕ ಪಾವತಿಸಿದಲ್ಲಿ ಶೇ. 2ರಷ್ಟು ಹೆಚ್ಚುವರಿ ಶುಲ್ಕ ವಿಧಿಸಲಾಗುವುದು.’ ವ್ಯಾಕರಣದಲ್ಲಿ ತಪ್ಪಿಲ್ಲ, ಪತ್ರಿಕೆಯಲ್ಲಿ ಅಚ್ಚಾಗುವಷ್ಟು ಶುದ್ಧವಾಗಿದೆ. ಕನ್ನಡದ ಕ್ರಿಯಾಪದಕ್ಕೆ ಒಂದು ಗುಣವಿದೆ. ‘ತಗೊಳ್ತೇವೆ’ ಅಂದರೆ ಸಾಕು, ‘ನಾವು’ ಎಂದು ಬೇರೆ ಹೇಳಬೇಕಾಗಿಲ್ಲ. ಕೊನೆಯ ‘ಏವೆ’ಯಲ್ಲೇ ಆಸಾಮಿ ನಿಂತಿರುತ್ತಾನೆ. ಅವನನ್ನು ಅಲ್ಲಿಂದ ಓಡಿಸಬೇಕಾದರೆ ಕಚೇರಿ ಕನ್ನಡದ ‘ಲಾಗುವುದು’ ಬೇಕು. ‘ವಿಧಿಸಲ್ಪಡುತ್ತದೆ’ ಎಂದಿದ್ದರೆ ‘ಯಾರಿಂದ?’ ಎಂದು ಕೇಳಲು ಒಂದು ಕಿಂಡಿಯಾದರೂ ಉಳಿಯುತ್ತದೆ. ‘ವಿಧಿಸಲಾಗುವುದು’ ಸಾಮಾನ್ಯವಾಗಿ ಆ ಕಿಂಡಿಯನ್ನೂ ಮುಚ್ಚುತ್ತದೆ. ಅದರ ಮೇಲೆ ‘ಶುಲ್ಕ’ ಮತ್ತು ‘ವಿಧಿಸು’ ಎಂಬ ಎರಡು ಮಾತುಗಳು. ಇವು ಸರ್ಕಾರದ ಬಾಯಲ್ಲಿ ಕೇಳಿ ಕೇಳಿ ನಮಗೆ ಅಭ್ಯಾಸವಾದವು. ಪರೀಕ್ಷಾ ಶುಲ್ಕ, ನೋಂದಣಿ ಶುಲ್ಕ, ದಂಡ ವಿಧಿಸುವುದು. ಓದುವವರು ಇದು ಬ್ಯಾಂಕಿನದ್ದೋ ಸರ್ಕಾರದ್ದೋ ಇರಬೇಕು, ಪಾಪ ಇವರೇನು ಮಾಡುತ್ತಾರೆ ಎಂದುಕೊಂಡು ಕೊಡುತ್ತಾರೆ. ಆ ಹಾಳೆ ಇರುವುದೇ ಹಾಗೆ ಅಂದುಕೊಳ್ಳಲಿ ಎಂದು.

ನನ್ನ ವಾದ ಇಷ್ಟೇ: ಆ ಎರಡು ಪರ್ಸೆಂಟನ್ನು ತೆಗೆದುಕೊಳ್ಳುವುದು ಹೋಟೆಲು. ಬಹಳಷ್ಟು ಸಂದರ್ಭಗಳಲ್ಲಿ ತೆಗೆದುಕೊಳ್ಳುವ ಹಕ್ಕು ಅದಕ್ಕಿಲ್ಲ. ಅದನ್ನು ಮುಚ್ಚಿಡುವ ವಾಕ್ಯವನ್ನು ಚಂದ ಮಾಡಿ ಕೊಡುವ ಅನುವಾದಕರೂ ಅದರಲ್ಲಿ ಪಾಲುದಾರರು.

ಮುಂಬೈಯ ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸುತ್ತ ಸಣ್ಣ ಸಣ್ಣ ಲಾಡ್ಜುಗಳಿವೆ. ಚಿಕಿತ್ಸೆಗೆ ದೇಶದ ಎಲ್ಲ ಕಡೆಯಿಂದ ಬರುವವರು ಅಲ್ಲಿ ಇಳಿದುಕೊಳ್ಳುತ್ತಾರೆ. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯವರೂ ಇರುತ್ತಾರೆ. ಅಂಥ ಒಂದು ಜಾಗದ ಮಾಲೀಕರು, ಕರಾವಳಿಯವರು, ಕಳೆದ ವರ್ಷ ತಮ್ಮ ನೋಟಿಸನ್ನು ಕನ್ನಡಕ್ಕೆ ಮಾಡಿಕೊಡಲು ನನಗೆ ಹೇಳಿದರು. ಕನ್ನಡದವರು ಬಂದು ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ, ಹುಡುಗರಿಗೆ ಹೇಳಿ ಹೇಳಿ ಸಾಕಾಗಿದೆ ಎಂಬುದು ಅವರ ಕಾರಣ. ಒಂದು ಪುಟದ ಕೆಲಸ. ಅರ್ಧ ಗಂಟೆಯಲ್ಲಿ ಮುಗಿಯಬೇಕಿತ್ತು, ನಾಲ್ಕು ದಿನ ಹಿಡಿಯಿತು. ಅದೂ ಆ ಒಂದು ಸಾಲಿಗಾಗಿ.

ಲೆಕ್ಕ ಮಾಡಿ ನೋಡೋಣ. ಆಸ್ಪತ್ರೆಗೆ ಬಂದವರು ಎರಡು ದಿನ ಇದ್ದು ಹೋಗುವವರಲ್ಲ. ಹದಿನೆಂಟು ರಾತ್ರಿ ತಂಗಿದರು ಎಂದಿಟ್ಟುಕೊಳ್ಳಿ, ದಿನಕ್ಕೆ 1,500 ರೂಪಾಯಿ ಬಾಡಿಗೆ. ಒಟ್ಟು 27,000. ದಿನಕ್ಕೆ 7,500ರವರೆಗಿನ ರೂಮುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5. ಅದು 1,350. ಬಿಲ್ಲು 28,350 ರೂಪಾಯಿ. ಕಾರ್ಡ್ ಕೊಟ್ಟರೆ ಇದರ ಮೇಲೆ ಎರಡು ಪರ್ಸೆಂಟ್, ಅಂದರೆ 567 ರೂಪಾಯಿ. ಹೊರಗಿನ ಖಾನಾವಳಿಯಲ್ಲಿ ಇಬ್ಬರ ಎರಡು-ಮೂರು ದಿನದ ಊಟ.

ಈ 567ರಲ್ಲಿ ಹೋಟೆಲಿಗೆ ನಿಜವಾಗಿ ತಗಲುವ ಖರ್ಚೆಷ್ಟು? ಅದು ಯಾವ ಕಾರ್ಡ್ ಎಂಬುದರ ಮೇಲಿದೆ. ನೋಟಿಸಿನಲ್ಲಿ ಬರೀ ‘ಕಾರ್ಡ್’ ಎಂದಿದೆ. ಆ ಒಂದು ಪದದೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ.

ಮೊದಲನೆಯದು ರುಪೇ ಡೆಬಿಟ್ ಕಾರ್ಡ್. ಜನಧನ ಖಾತೆಗೆ ಕೊಟ್ಟದ್ದು ಇದೇ ಕಾರ್ಡ್, ಗ್ರಾಮೀಣ ಬ್ಯಾಂಕಿನ ಖಾತೆಯವರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇದೇ. ಅಂಗಡಿಯವರಿಂದ ಬ್ಯಾಂಕು ಪ್ರತಿ ವ್ಯವಹಾರಕ್ಕೆ ಮುರಿದುಕೊಳ್ಳುವ ಹಣಕ್ಕೆ ಎಂಡಿಆರ್ ಎನ್ನುತ್ತಾರೆ. ರುಪೇ ಡೆಬಿಟ್ ಮತ್ತು ಯುಪಿಐ ಎರಡಕ್ಕೂ 2020ರ ಜನವರಿ 1ರಿಂದ ಈ ಎಂಡಿಆರ್ ಸೊನ್ನೆ. ಹೋಟೆಲಿನ ಖಾತೆಗೆ ಪೂರ್ತಿ 28,350 ಬರುತ್ತದೆ. ಅತಿಥಿಯಿಂದ ತೆಗೆದುಕೊಂಡ 567ರಲ್ಲಿ ಬ್ಯಾಂಕಿಗೆ ಹೋಗುವುದು ಏನೂ ಇಲ್ಲ.

ಎರಡನೆಯದು ವೀಸಾ ಅಥವಾ ಮಾಸ್ಟರ್‌ಕಾರ್ಡಿನ ಡೆಬಿಟ್ ಕಾರ್ಡ್. ಇದಕ್ಕೆ ರಿಸರ್ವ್ ಬ್ಯಾಂಕು 2017ರ ಡಿಸೆಂಬರಿನಲ್ಲಿ ಗರಿಷ್ಠ ಮಿತಿ ಹಾಕಿತು, ಜಾರಿಗೆ ಬಂದದ್ದು 2018ರ ಜನವರಿಯಿಂದ. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟಿರುವವರಿಗೆ ಶೇ. 0.40, ಅದಕ್ಕಿಂತ ಹೆಚ್ಚಿನವರಿಗೆ ಶೇ. 0.90. ನಮ್ಮ ಲಾಡ್ಜು ಹತ್ತು ರೂಮಿನದ್ದಾದರೂ 20 ಲಕ್ಷ ದಾಟುತ್ತದೆ, ಆದ್ದರಿಂದ 0.90 ಎನ್ನೋಣ. 255 ರೂಪಾಯಿ ಆಯಿತು. ಬ್ಯಾಂಕಿನ ಈ ಸೇವೆಗೆ ಶೇ. 18 ಜಿಎಸ್‌ಟಿ ಇದೆ, ಇನ್ನೊಂದು 46. ಶೇ. 5ರ ಲೆಕ್ಕದಲ್ಲಿರುವ ಹೋಟೆಲಿಗೆ ಅದನ್ನು ವಾಪಸ್ ಪಡೆಯುವ ದಾರಿಯಿಲ್ಲ, ಹಾಗಾಗಿ ಅದೂ ಖರ್ಚೇ. ಒಟ್ಟು 301 ರೂಪಾಯಿ. 567 ತೆಗೆದುಕೊಂಡರೆ 266 ಗಲ್ಲಾಪೆಟ್ಟಿಗೆಯಲ್ಲಿ ಉಳಿಯಿತು.

ಮೂರನೆಯದು ಕ್ರೆಡಿಟ್ ಕಾರ್ಡ್. ಇದಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಇಲ್ಲ, ಬ್ಯಾಂಕಿಗೂ ಹೋಟೆಲಿಗೂ ಏನು ಒಪ್ಪಂದವೋ ಅದು. ಶೇ. 1.8 ಎಂದಿಟ್ಟುಕೊಂಡರೆ 510 ರೂಪಾಯಿ, ಮೇಲೆ ಜಿಎಸ್‌ಟಿ 92. ಒಟ್ಟು 602. ಇಲ್ಲಿ 567 ತೆಗೆದುಕೊಂಡರೂ ಹೋಟೆಲಿಗೆ 35 ರೂಪಾಯಿ ಕೈಬಿಟ್ಟಿತು.

ಈಗ ಈ ಮೂವರನ್ನು ಒಂದೇ ಕೌಂಟರಿನ ಮುಂದೆ ನಿಲ್ಲಿಸಿ. ಕ್ರೆಡಿಟ್ ಕಾರ್ಡಿನವರು ತಮ್ಮಿಂದ ಆದ ಖರ್ಚಿಗಿಂತ ಕಡಿಮೆ ಕೊಟ್ಟು, ಜೊತೆಗೆ ರಿವಾರ್ಡ್ ಪಾಯಿಂಟ್ ತೆಗೆದುಕೊಂಡು ಹೋದರು. ಜನಧನ ಖಾತೆಯ ರುಪೇ ಕಾರ್ಡಿನವರು ಯಾವ ಖರ್ಚನ್ನೂ ಮಾಡಿಸದೆ 567 ಕೊಟ್ಟರು. ‘ಎಲ್ಲರಿಗೂ ಒಂದೇ ರೇಟು’ ಎಂದು ನೋಟಿಸು ನ್ಯಾಯವಂತನ ಮುಖ ಮಾಡಿಕೊಂಡು ನಿಂತಿದೆ. ಅದರ ಹಿಂದೆ ನಡೆಯುತ್ತಿರುವುದು ಬಡವರ ಕಾರ್ಡಿನಿಂದ ತೆಗೆದು ಉಳ್ಳವರ ಕಾರ್ಡಿನ ಖರ್ಚು ತುಂಬಿಸುವ ಕೆಲಸ. ಇದನ್ನು ಯಾರೂ ಕೂತು ಯೋಜನೆ ಹಾಕಿ ಮಾಡಿದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಪಕ್ಕದ ಲಾಡ್ಜಿನಲ್ಲಿದ್ದ ಹಾಳೆಯನ್ನು ಇವರು ನೋಡಿ ಹಾಕಿದರು, ಇವರದ್ದನ್ನು ಎದುರಿನವರು. ಆದರೆ ನಕಲು ಮಾಡಿದ ವಾಕ್ಯಕ್ಕೂ ಲಾಭ ಬರುತ್ತದೆ.

ರುಪೇ ಕಾರ್ಡಿನವರು ಕ್ಯಾಶೇ ಕೊಡಬಹುದಲ್ಲ ಎಂದು ಮುಂಬೈ-ಪುಣೆಯ ನಮ್ಮಂಥವರು ಕೇಳುತ್ತೇವೆ. ಮೆಟ್ರೋ ನಗರಗಳಲ್ಲಿ ಬೇರೆ ಬ್ಯಾಂಕಿನ ಎಟಿಎಂ ಬಳಕೆ ತಿಂಗಳಿಗೆ ಮೂರು ಸಲ ಮಾತ್ರ ಉಚಿತ. ಆಮೇಲೆ ಪ್ರತಿ ಸಲಕ್ಕೆ 23 ರೂಪಾಯಿವರೆಗೆ, ಜೊತೆಗೆ ತೆರಿಗೆ. ವಿಜಯಪುರದ ಗ್ರಾಮೀಣ ಬ್ಯಾಂಕಿನವರಿಗೆ ಪರೇಲಿನಲ್ಲಿ ತಮ್ಮ ಬ್ಯಾಂಕಿನ ಎಟಿಎಂ ಎಲ್ಲಿ ಸಿಗಬೇಕು? ಮೇಲೆ ದಿನಕ್ಕೆ ಇಷ್ಟೇ ತೆಗೆಯಬಹುದೆಂಬ ಮಿತಿ ಬೇರೆ. ಔಷಧಿಗೆ, ಸ್ಕ್ಯಾನಿಂಗಿಗೆ, ಟ್ಯಾಕ್ಸಿಗೆ ಕೈಯಲ್ಲಿ ನಗದು ಇಟ್ಟುಕೊಳ್ಳಲೇಬೇಕಾದ ದಿನಗಳಲ್ಲಿ, 28,000 ಎಣಿಸಿ ಕೌಂಟರಿನಲ್ಲಿಡಿ ಎನ್ನುವುದು ಸುಲಭದ ಮಾತಲ್ಲ. ಯುಪಿಐ ಇದೆ, ನಿಜ. ಆದರೆ ರೋಗಿಯ ಜೊತೆ ಬಂದ ತಾಯಿಯ ಕೈಯಲ್ಲಿ ಗುಂಡಿ ಒತ್ತುವ ಫೋನು ಮತ್ತು ಒಂದು ಕಾರ್ಡ್ ಇದ್ದರೆ, ಅವರಿಗೆ ಉಳಿಯುವ ದಾರಿ ಆ ಕಾರ್ಡೇ.

ಇನ್ನು ಹಕ್ಕಿನ ಮಾತು. ಡೆಬಿಟ್ ಕಾರ್ಡಿನ ಮೇಲೆ ಗ್ರಾಹಕರಿಂದ ಹೆಚ್ಚುವರಿ ವಸೂಲು ಮಾಡುವಂತಿಲ್ಲ. 2013ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕು ಇದನ್ನು ಬ್ಯಾಂಕುಗಳಿಗೆ ಬರೆದು ತಿಳಿಸಿತ್ತು. ಹೀಗೆ ವಸೂಲು ಮಾಡುವ ಅಂಗಡಿಗಳ ಜೊತೆಗಿನ ಸಂಬಂಧವನ್ನೇ ಕಡಿದುಕೊಳ್ಳಬೇಕು ಎನ್ನುವಷ್ಟು ಗಟ್ಟಿಯಾಗಿ. 2017ರ ಸುತ್ತೋಲೆಯಲ್ಲಿ ಮತ್ತೆ ಹೇಳಿತು: ಎಂಡಿಆರ್ ಹಣವನ್ನು ವ್ಯಾಪಾರಿಗಳು ಗ್ರಾಹಕರ ಮೇಲೆ ಹಾಕದಂತೆ ಬ್ಯಾಂಕುಗಳು ನೋಡಿಕೊಳ್ಳಬೇಕು. ಗಮನಿಸಿ, ಮಾತು ಹೋಗಿರುವುದು ಬ್ಯಾಂಕುಗಳಿಗೆ. ಹೋಟೆಲಿನವರಿಗೆ ರಿಸರ್ವ್ ಬ್ಯಾಂಕು ನೇರವಾಗಿ ಏನನ್ನೂ ಹೇಳಿಲ್ಲ. ಸ್ವೈಪ್ ಮಷೀನ್ ಕೊಟ್ಟ ಬ್ಯಾಂಕು ಹೋಟೆಲಿಗೆ ಹೇಳಬೇಕು, ಕೇಳದಿದ್ದರೆ ಮಷೀನ್ ವಾಪಸ್ ಪಡೆಯಬೇಕು. ದಿನವೂ ವ್ಯವಹಾರ ತರುವ ಗಿರಾಕಿಯಿಂದ ಮಷೀನ್ ಕಿತ್ತುಕೊಳ್ಳುವ ಉತ್ಸಾಹ ಯಾವ ಬ್ಯಾಂಕಿಗಿದೆ? ನಿಯಮ ಇದ್ದೂ ನೋಟಿಸು ಗೋಡೆಯ ಮೇಲೆ ವರ್ಷಗಟ್ಟಲೆ ಉಳಿಯುವುದಕ್ಕೆ ಕಾರಣ ಇದು. ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಮಾತು ಇಷ್ಟು ನೇರವಾಗಿಲ್ಲ, ಆದರೆ ಮಷೀನ್ ಕೊಡುವಾಗ ಮಾಡಿಸಿಕೊಳ್ಳುವ ಒಪ್ಪಂದದಲ್ಲೇ ಸಾಮಾನ್ಯವಾಗಿ ಹೆಚ್ಚುವರಿ ತೆಗೆಯಬಾರದು ಎಂಬ ಷರತ್ತು ಇರುತ್ತದೆ. ಸಹಿ ಹಾಕಿದವರು ಓದಿರುವುದಿಲ್ಲ.

ಮಾಲೀಕರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ‘ನೀವು ಹೇಳುವುದು ಸರಿ ಇರಬಹುದು. ಆದರೆ ಬ್ಯಾಂಕಿನವ ತಿಂಗಳ ಕೊನೆಗೆ ಮುರಿದುಕೊಳ್ಳುವುದು ನನ್ನ ಖಾತೆಯಿಂದ. ಮಷೀನಿಗೆ ಬಾಡಿಗೆ ಬೇರೆ. ಸಣ್ಣವರು ಎಲ್ಲಿಂದ ತರುವುದು?’ ಎಂದರು. ಇದು ಪೊಳ್ಳು ಮಾತಲ್ಲ. ರೂಮಿನ ಬಾಡಿಗೆಯಲ್ಲೇ ಕಟ್ಟಡದ ಬಾಡಿಗೆ, ಸಂಬಳ, ನೀರಿನ ಟ್ಯಾಂಕರ್, ಬಟ್ಟೆ ಒಗೆಸುವ ಖರ್ಚು ಎಲ್ಲ ಹೊರಡಬೇಕು.

ಅದಕ್ಕೆ ಅವರ ಜೊತೆಯೇ ಕೂಡಿಸಿ ಕಳೆದು ನೋಡಿದೆ. ಬರುವ ನೂರು ರೂಪಾಯಿಯಲ್ಲಿ ಮೂವತ್ತು ಕ್ರೆಡಿಟ್ ಕಾರ್ಡಿನಿಂದ, ಇಪ್ಪತ್ತು ವೀಸಾ-ಮಾಸ್ಟರ್ ಡೆಬಿಟ್ಟಿನಿಂದ, ಉಳಿದದ್ದು ನಗದು, ಯುಪಿಐ, ರುಪೇಯಿಂದ ಎಂದುಕೊಂಡೆವು. ಇದು ಅವರು ಬಾಯಿಲೆಕ್ಕದಲ್ಲಿ ಕೊಟ್ಟ ಅಂದಾಜು. ಮೊದಲಿನ ಮೂವತ್ತಕ್ಕೆ ತೆರಿಗೆ ಸೇರಿ 64 ಪೈಸೆ ಖರ್ಚು, ಇಪ್ಪತ್ತಕ್ಕೆ 21 ಪೈಸೆ. ನೂರು ರೂಪಾಯಿಗೆ ಒಟ್ಟು 85 ಪೈಸೆ. 1,500ರ ರೂಮಿಗೆ ದಿನಕ್ಕೆ ಸುಮಾರು 13 ರೂಪಾಯಿ. ‘ಅಷ್ಟೇನಾ?’ ಎಂದು ಅವರೇ ಕೇಳಿದರು. ಅವರ ತಲೆಯಲ್ಲಿದ್ದದ್ದು ರೂಮಿಗೆ 30 ರೂಪಾಯಿ ಹೋಗುತ್ತದೆ ಎಂಬ ಲೆಕ್ಕ. ನೋಟಿಸಿನ ಎರಡು ಪರ್ಸೆಂಟನ್ನು ನೋಡಿ ನೋಡಿ ತಮ್ಮ ಖರ್ಚೂ ಎರಡು ಪರ್ಸೆಂಟೇ ಎಂದು ಅವರೇ ನಂಬಿಬಿಟ್ಟಿದ್ದರು.

ಆ 13 ರೂಪಾಯಿಯನ್ನು ಬಾಡಿಗೆಯಲ್ಲಿ ಸೇರಿಸಿ ಎಂದರೆ ಒಂದು ತಕರಾರು ಬರುತ್ತದೆ, ಬರಬೇಕಾದದ್ದೇ. ನಗದು ಕೊಡುವವರು ಕಾರ್ಡಿನವರ ಖರ್ಚು ಯಾಕೆ ಹೊರಬೇಕು? ಹೊರುತ್ತಾರೆ, ಸ್ವಲ್ಪ ಮಟ್ಟಿಗೆ. ಕೆಳಗಿನ ಮಹಡಿಯವರೂ ಲಿಫ್ಟಿನ ಕರೆಂಟು ಬಿಲ್ಲನ್ನು ಹೊರುತ್ತಾರೆ, ತಣ್ಣೀರಲ್ಲಿ ಸ್ನಾನ ಮಾಡುವವರು ಗೀಸರಿನದ್ದನ್ನು. ಹೋಟೆಲಿನ ಬಾಡಿಗೆ ಎಂದರೆ ಇಂಥ ಹತ್ತು ಖರ್ಚುಗಳನ್ನು ಹಂಚಿ ಕಟ್ಟಿದ ಮೊತ್ತವೇ. ಇನ್ನೊಂದು ಮಾತನ್ನೂ ಮಾಲೀಕರಿಗೆ ಕೇಳಿದೆ. ಬುಕಿಂಗ್ ಆ್ಯಪ್ ಮೂಲಕ ಬರುವ ಅತಿಥಿಗೆ ನೀವು ಕೊಡುವ ಕಮಿಷನ್ ಎಷ್ಟು? ನೂರಕ್ಕೆ ಹದಿನೈದರ ಮೇಲೆ. ‘ಆ್ಯಪಿನಲ್ಲಿ ಬಂದವರಿಗೆ ಹದಿನೈದು ಪರ್ಸೆಂಟ್ ಹೆಚ್ಚು’ ಎಂದು ಕೌಂಟರಿನಲ್ಲಿ ಯಾಕೆ ಬರೆದು ಹಾಕಿಲ್ಲ? ಅವರು ನಕ್ಕರು. ಆ ಹದಿನೈದು ವ್ಯಾಪಾರದ ಖರ್ಚು. ಈ ಒಂದು ಪರ್ಸೆಂಟಿನ ಒಳಗಿನದ್ದು ಮಾತ್ರ ಅತಿಥಿಯ ತಪ್ಪು. ದೊಡ್ಡವರು ಮುರಿದುಕೊಂಡರೆ ನುಂಗಿಕೊಳ್ಳುವುದು, ಸಣ್ಣದ್ದನ್ನು ಕೌಂಟರಿನ ಎದುರು ನಿಂತವರ ತಲೆಗೆ ಕಟ್ಟುವುದು. ಕಾರಣ ಸರಳ: ಆ್ಯಪಿನ ಎದುರು ನೋಟಿಸು ಹಾಕಲು ಗೋಡೆ ಇಲ್ಲ.

ಅನುವಾದಕರ ಬಳಗದಲ್ಲಿ ಈ ಕಥೆ ಹೇಳಿದಾಗ ಕೆಲವರಿಗೆ ಇದು ಅಧಿಕಪ್ರಸಂಗವಾಗಿ ಕಂಡಿತು. ಮೂಲದಲ್ಲಿ ಏನಿದೆಯೋ ಅದನ್ನು ಕೊಡುವುದು ನಮ್ಮ ಕೆಲಸ, ಗಿರಾಕಿಯ ವ್ಯಾಪಾರದಲ್ಲಿ ಕೈಹಾಕುವುದಲ್ಲ ಎಂದು ಒಬ್ಬರು ಬರೆದರು. ಕಾದಂಬರಿಗಾದರೆ ಒಪ್ಪುತ್ತೇನೆ. ಕಾದಂಬರಿಯ ಕಳ್ಳನನ್ನು ಅನುವಾದದಲ್ಲಿ ಸಾಧು ಮಾಡಬಾರದು. ಆದರೆ ನೋಟಿಸು ಒಂದು ಕೃತಿಯಲ್ಲ, ಅದು ಓದಿದವರ ಕೈಯಿಂದ ಹಣ ಹೊರಡಿಸುವ ಸಾಧನ. ‘ಅಟ್ರ್ಯಾಕ್ಟ್’ ಎಂಬುದಕ್ಕೆ ನಾನು ‘ವಿಧಿಸಲಾಗುವುದು’ ಎಂದು ಬರೆದರೆ, ಇಂಗ್ಲಿಷಿನಲ್ಲಿ ಬರೀ ಮಸುಕಾಗಿದ್ದದ್ದಕ್ಕೆ ಕನ್ನಡದಲ್ಲಿ ಸರ್ಕಾರಿ ಮುದ್ರೆ ಒತ್ತಿದ ಹಾಗಾಗುತ್ತದೆ. ಅದು ಮೂಲನಿಷ್ಠೆಯೂ ಅಲ್ಲ. ನಿಜವಾಗಿ ಅರ್ಥವನ್ನು ಅನುವಾದಿಸಬೇಕೆಂದರೆ ಬರೆಯಬೇಕಾದದ್ದು ಇದು: ‘ಕಾರ್ಡ್ ಕೊಟ್ಟರೆ ನಾವು ಎರಡು ಪರ್ಸೆಂಟ್ ಹೆಚ್ಚು ತಗೊಳ್ತೇವೆ.’ ಅದನ್ನೇ ಬರೆದು ಮಾಲೀಕರಿಗೆ ಕಳಿಸಿದೆ. ‘ಹೀಗೆ ಹಾಕಿದರೆ ಜನ ಜಗಳಕ್ಕೆ ಬರುತ್ತಾರೆ’ ಎಂದರು. ಮಾತೇನೂ ಬದಲಾಗಿರಲಿಲ್ಲ. ಕ್ರಿಯಾಪದಕ್ಕೆ ಕರ್ತೃ ವಾಪಸ್ ಬಂದಿದ್ದ, ಅಷ್ಟೆ.

ನೇರವಾದ ನೋಟಿಸು ಹೇಗಿರುತ್ತದೆ ಎಂಬುದನ್ನು 2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳು ತೋರಿಸಿದ್ದವು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಅಂಗಡಿಗಳವರು ಕ್ಯೂಆರ್ ಕಿತ್ತು ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಬರೆದು ಹಾಕಿದರು. ಅವರು ಮಾಡಿದ್ದು ಸರಿಯೇ ಎಂಬ ಚರ್ಚೆ ಬೇರೆ. ರಟ್ಟಿನ ಮೇಲೆ ಮಾರ್ಕರಿನಲ್ಲಿ ಬರೆದ ಆ ನಾಲ್ಕು ಪದಗಳಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಏನು ಕೊಟ್ಟರೆ ತಗೊಳ್ಳುತ್ತಾರೆ, ಏನು ತಗೊಳ್ಳುವುದಿಲ್ಲ ಎಂಬುದು ಅಂಗಡಿಯ ಮುಂದೆಯೇ, ವಸ್ತು ಕೊಳ್ಳುವ ಮೊದಲೇ ಗೊತ್ತಾಗುತ್ತಿತ್ತು.

ಲಾಡ್ಜಿನ ನೋಟಿಸು ಗೊತ್ತಾಗುವುದು ಹೊರಡುವ ದಿನ. ಬರುವಾಗ ಆಧಾರ್ ಜೆರಾಕ್ಸ್, ಅಡ್ವಾನ್ಸ್, ರೋಗಿಯನ್ನು ಮಹಡಿ ಹತ್ತಿಸುವ ಗಡಿಬಿಡಿ. ಆಗ ಯಾರು ಗೋಡೆ ಓದುತ್ತಾರೆ? ಹೋಗುವಾಗ ರೈಲಿಗೆ ಹೊತ್ತಾಗಿರುತ್ತದೆ, ಆಗ ಮ್ಯಾನೇಜರ್ ಬೆರಳು ತೋರಿಸುತ್ತಾರೆ. ಅದಕ್ಕೆ ನಾನು ಕೊಟ್ಟ ಕನ್ನಡದ ಹಾಳೆಯಲ್ಲಿ ದುಡ್ಡಿನ ಭಾಗವನ್ನು ಚೆಕ್-ಔಟ್ ನಿಯಮಗಳ ಕೆಳಗಿನಿಂದ ತೆಗೆದು ಎಲ್ಲಕ್ಕಿಂತ ಮೇಲೆ ಇಟ್ಟೆ. ಅದು ಹೀಗಿತ್ತು:

‘ರೂಮಿನ ಬಾಡಿಗೆ ದಿನಕ್ಕೆ 1,500 ರೂಪಾಯಿ, ಜಿಎಸ್‌ಟಿ 75. ಒಟ್ಟು 1,575. ಹೇಗೆ ಕೊಟ್ಟರೂ ಇಷ್ಟೇ.

ನಗದು ತಗೊಳ್ತೇವೆ. ಹತ್ತು ರೂಪಾಯಿ ನಾಣ್ಯವನ್ನೂ ತಗೊಳ್ತೇವೆ. ಕೊಟ್ಟ ಕೂಡಲೇ ರಸೀದಿ ಕೇಳಿ ಪಡೆಯಿರಿ.

ಯುಪಿಐ ಮಾಡುವಾಗ ಫೋನಿನಲ್ಲಿ ನಮ್ಮ ಹೋಟೆಲಿನ ಹೆಸರೇ ಕಾಣಬೇಕು. ಬೇರೆ ಹೆಸರು ಬಂದರೆ ಹಣ ಹಾಕಬೇಡಿ, ಕೌಂಟರಿನಲ್ಲಿ ಹೇಳಿ. ಕೆಲಸದ ಹುಡುಗರ ನಂಬರಿಗೆ ಹಾಕಬೇಡಿ.

ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್ ಎರಡನ್ನೂ ತಗೊಳ್ತೇವೆ. ಹೆಚ್ಚುವರಿ ಹಣ ತಗೊಳ್ಳುವುದಿಲ್ಲ.

ಬರುವಾಗ ಕೊಟ್ಟ ಅಡ್ವಾನ್ಸನ್ನು ಕೊನೆಯ ಬಿಲ್ಲಿನಲ್ಲಿ ಕಳೆಯುತ್ತೇವೆ. ಉಳಿದರೆ, ಕೊಟ್ಟ ದಾರಿಯಲ್ಲೇ ವಾಪಸ್ ಕೊಡ್ತೇವೆ.’

ಹತ್ತು ರೂಪಾಯಿ ನಾಣ್ಯದ ಸಾಲು ಮಾಲೀಕರಿಗೆ ತಮಾಷೆಯಾಗಿ ಕಂಡಿತು. ಅದರ ಗೆರೆ ಎಣಿಸಿ ಇದು ನಕಲಿ ಎನ್ನುವ ಪದ್ಧತಿ ಇನ್ನೂ ಸತ್ತಿಲ್ಲ. 14 ವಿನ್ಯಾಸದ ನಾಣ್ಯಗಳೂ ಚಲಾವಣೆಯವೇ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದರೂ. ಯುಪಿಐ ಸಾಲನ್ನು ಅವರು ಕೂಡಲೇ ಒಪ್ಪಿದರು. ಕ್ಯೂಆರ್ ಸ್ಟಿಕ್ಕರಿನ ಮೇಲೆ ಬೇರೆಯವರು ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವ ಮೋಸ ಎಲ್ಲರಿಗೂ ಗೊತ್ತಿರುವಂಥದ್ದು, ಅದನ್ನು ಹಿಡಿಯುವ ಒಂದೇ ದಾರಿ ಫೋನಿನಲ್ಲಿ ಬರುವ ಹೆಸರನ್ನು ಓದುವುದು. ಕಾರ್ಡಿನ ಸಾಲಿಗೆ ಮಾತ್ರ ಮೂರು ಸುತ್ತು ಚೌಕಾಸಿ ನಡೆಯಿತು. ಕೊನೆಗೆ ಡೆಬಿಟ್ಟಿಗೆ ಒಪ್ಪಿದರು, ಕ್ರೆಡಿಟ್ಟಿಗೆ ಒಪ್ಪಲಿಲ್ಲ. ‘ಕ್ರೆಡಿಟ್ ಕಾರ್ಡ್ ಕೊಟ್ಟರೆ ನಾವು ಶೇ. 2 ಹೆಚ್ಚು ತಗೊಳ್ತೇವೆ, ಅದನ್ನು ಬಿಲ್ಲಿನಲ್ಲಿ ತೋರಿಸ್ತೇವೆ’ ಎಂದು ಅಚ್ಚಾಯಿತು. ನಾನು ಬಯಸಿದ್ದು ಇದಲ್ಲ. ಆದರೂ ‘ನಾವು’ ಉಳಿಯಿತು, ಬಿಲ್ಲಿನಲ್ಲಿ ತೋರಿಸುವ ಮಾತೂ ಉಳಿಯಿತು. ಎರಡನೆಯದು ಸಣ್ಣ ವಿಷಯವಲ್ಲ, ಯಾಕೆ ಎಂದು ಹೇಳುತ್ತೇನೆ.

ಈ ಎರಡು ಪರ್ಸೆಂಟ್ ಬಹಳ ಕಡೆ ಬಿಲ್ಲಿನಲ್ಲಿ ಬರುವುದೇ ಇಲ್ಲ. ಬಿಲ್ಲಿನಲ್ಲಿ 28,350 ಎಂದು ಇರುತ್ತದೆ, ಮಷೀನಿನಲ್ಲಿ ಒತ್ತುವುದು 28,917. ನಡುವಿನ 567 ಯಾವ ಕಾಗದದಲ್ಲೂ ಹೋಟೆಲಿನ ಆದಾಯವಾಗಿ ದಾಖಲಾಗುವುದಿಲ್ಲ. ಗ್ರಾಹಕರಿಂದ ವಸೂಲು ಮಾಡಿದ ಇಂಥ ಹೆಚ್ಚುವರಿ ಹಣವೂ ಸೇವೆಯ ಬೆಲೆಯ ಭಾಗವೇ ಎಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ, ಅಂದರೆ ಅದರ ಮೇಲೂ ತೆರಿಗೆ ಕಟ್ಟಬೇಕು. ‘ಸರ್ಕಾರದ ಶುಲ್ಕ’ದ ವೇಷದಲ್ಲಿ ತೆಗೆದುಕೊಂಡ ಹಣ ಸರ್ಕಾರದ ಕಣ್ಣಿಗೂ ಬೀಳದೆ ಹೋಗುತ್ತದೆ. ಕೆಲಸದ ಕಡೆಯಿಂದಲೋ ಟ್ರಸ್ಟಿನಿಂದಲೋ ವಾಸದ ಖರ್ಚು ವಾಪಸ್ ಸಿಗುವವರಿಗೆ ಬಿಲ್ಲಿನಲ್ಲಿದ್ದಷ್ಟೇ ಸಿಗುತ್ತದೆ, ಆ 567 ಕೈಯಿಂದ ಹೋದ ಲೆಕ್ಕ.

ಆದ್ದರಿಂದ ನೀವು ಅಥವಾ ನಿಮ್ಮ ಮನೆಗೆ ಊರಿನಿಂದ ಬಂದವರು ಇಂಥ ಕೌಂಟರಿನ ಮುಂದೆ ನಿಂತಾಗ ನೋಡಬೇಕಾದದ್ದು ಗೋಡೆಯನ್ನಲ್ಲ, ಮಷೀನನ್ನು. ಪಿನ್ ಒತ್ತುವ ಮೊದಲು ಪರದೆಯ ಮೇಲಿನ ಮೊತ್ತ ಬಿಲ್ಲಿನ ಮೊತ್ತದ ಜೊತೆ ಸರಿಹೋಗುತ್ತದೆಯೇ ನೋಡಿ. ಹೆಚ್ಚಿದ್ದರೆ, ‘ಇದು ಡೆಬಿಟ್ ಕಾರ್ಡ್, ಬಿಲ್ಲಿನಲ್ಲಿ ಇದ್ದಷ್ಟೇ ಒತ್ತಿ’ ಎಂದು ಹೇಳಿ. ಒಪ್ಪದಿದ್ದರೆ ಹೆಚ್ಚುವರಿಯನ್ನು ಬಿಲ್ಲಿನಲ್ಲಿ ಬರೆದುಕೊಡಿ ಎಂದು ಕೇಳಿ. ಬರೆದುಕೊಡು ಎಂದಾಗ ಎರಡು ಪರ್ಸೆಂಟ್ ಮಾಯವಾಗುವುದನ್ನು ನಾನೇ ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅದೂ ಆಗದೆ ಕೊಡಲೇಬೇಕಾಗಿ ಬಂದರೆ ಬಿಲ್ಲು, ಮಷೀನಿನ ಸ್ಲಿಪ್ಪು ಎರಡನ್ನೂ ಬಿಡದೆ ತೆಗೆದುಕೊಳ್ಳಿ. ಸ್ಲಿಪ್ಪಿನ ಮೇಲ್ಭಾಗದಲ್ಲಿ ಮಷೀನ್ ಯಾವ ಬ್ಯಾಂಕಿನದು ಎಂದು ಸಾಮಾನ್ಯವಾಗಿ ಇರುತ್ತದೆ, ಅದರ ಕೆಳಗೆ MID, TID ಎಂಬ ಎರಡು ಸಂಖ್ಯೆಗಳು. ಒಂದು ಹೋಟೆಲಿನ ಗುರುತು, ಇನ್ನೊಂದು ಆ ಮಷೀನಿನದು. ದೂರು ಹೋಗಬೇಕಾದದ್ದು ಆ ಬ್ಯಾಂಕಿಗೆ, ಯಾಕೆಂದರೆ ರಿಸರ್ವ್ ಬ್ಯಾಂಕು ಹೊಣೆ ಹೊರಿಸಿರುವುದು ಅದರ ಮೇಲೆ. ಎರಡು ಕಾಗದದ ಫೋಟೋ, ವ್ಯತ್ಯಾಸದ ಮೊತ್ತ, ಡೆಬಿಟ್ ಕಾರ್ಡ್ ಎಂಬ ಮಾತು, ಇಷ್ಟಿದ್ದರೆ ಸಾಕು, ಉದ್ದ ಪತ್ರ ಬೇಡ. ನಿಮ್ಮ ಬ್ಯಾಂಕಿಗೂ ಅದರದ್ದೇ ನಕಲು ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಅಲ್ಲಿ ಕನ್ನಡದಲ್ಲಿ ಮಾತಾಡಬೇಕೆಂದು ಕೇಳಿ.